ಸಿಟಿಆರ್ ಇಳಿಯಿತು, ವೀಕ್ಷಣೆ ಏರಿತು: ಯೂಟ್ಯೂಬ್ ಟ್ರಾಫಿಕ್ ಮೂಲಗಳನ್ನು ಹೋಲಿಸಿ ಓದುವ ಕ್ರಮ

ವಿಡಿಯೊದ ವೀಕ್ಷಣೆ ಒಂದೇ ತಿಂಗಳಲ್ಲಿ ದುಪ್ಪಟ್ಟಾಗಿದೆ, ಆದರೆ ಸಿಟಿಆರ್, ಅಂದರೆ ಥಂಬ್‌ನೇಲ್ ಕಂಡ ಸಲಗಳಲ್ಲಿ ಎಷ್ಟು ಸಲ ಒತ್ತಿದರು ಎಂಬ ಶೇಕಡಾವಾರು, 6.25%ರಿಂದ 4.64%ಕ್ಕೆ ಇಳಿದಿದೆ. ಇಂತಹ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಥಂಬ್‌ನೇಲ್ ಬದಲಿಸುವುದು. ಹಲವು ಬಾರಿ ಅದು ಚೆನ್ನಾಗಿ ನಡೆಯುತ್ತಿರುವುದನ್ನು ಕೆಡಿಸುವ ಕೆಲಸವೂ ಆಗುತ್ತದೆ. ವಿಡಿಯೊಗೆ ಜನ ಯಾವ ದಾರಿಯಿಂದ ಬಂದರು ಎಂಬುದನ್ನು ಬಿಡಿಸಿ ನೋಡದ ಹೊರತು ಈ ಎರಡು ಅಂಕಿಗಳಿಂದ ಏನೂ ತಿಳಿಯುವುದಿಲ್ಲ.

ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ದಾರಿಗಳನ್ನು ಹೇಗೆ ಬಿಡಿಸುವುದು, ಯಾವುದನ್ನು ಯಾವುದರ ಜೊತೆ ಹೋಲಿಸಬಹುದು, ಯಾವುದನ್ನು ಹೋಲಿಸಬಾರದು ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ರೈತರಿಗೆ ಸರ್ಕಾರಿ ದಾಖಲೆಗಳ ಬಗ್ಗೆ ತಿಳಿಸುವ ಒಂದು ಕನ್ನಡ ಚಾನೆಲ್ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ 12 ನಿಮಿಷದ ಒಂದು ವಿಡಿಯೊ: ಭೂಮಿ ತಂತ್ರಾಂಶದಲ್ಲಿ ಪಹಣಿ ನೋಡುವುದು ಹೇಗೆ, ಹೆಸರಿನಲ್ಲಿ ತಪ್ಪಿದ್ದರೆ ತಿದ್ದಿಸುವುದು ಹೇಗೆ. ನವೆಂಬರಿನಲ್ಲಿ ಪ್ರಕಟವಾಗಿದೆ. ಅದರ ಫೆಬ್ರವರಿ ಮತ್ತು ಮಾರ್ಚ್ ಲೆಕ್ಕವನ್ನು ಹೋಲಿಸುತ್ತೇವೆ. ಅಂಕಿಗಳು ವಿವರಣೆಗಾಗಿ ನಾನೇ ಕಟ್ಟಿಕೊಂಡವು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಹೆಸರುಗಳನ್ನು ಹುಡುಕಲು ಸುಲಭವಾಗಲೆಂದು ಹಾಗೆಯೇ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಸರಿಯಾದ ಪಟ್ಟಿ ತೆರೆಯುವುದು

ಕಂಪ್ಯೂಟರಿನಲ್ಲಿ ಸ್ಟುಡಿಯೊ ತೆರೆದು ವಿಡಿಯೊ ಆಯ್ದು, ಅದರ `Analytics` ಪುಟಕ್ಕೆ ಹೋಗಿ. ಅಲ್ಲಿನ `Reach` ವಿಭಾಗದಲ್ಲಿ ಮೂಲಗಳ ಕಿರುಚಿತ್ರಣ ಸಿಗುತ್ತದೆ. ಅದು ಕಣ್ಣಾಡಿಸಲು ಸಾಕು, ಹೋಲಿಕೆಗೆ ಸಾಲದು. `Advanced mode` ಒತ್ತಿ, `Traffic source` ಎಂಬ ಪಟ್ಟಿಯನ್ನು ಆರಿಸಿಕೊಳ್ಳಿ. ಪ್ರತಿ ಮೂಲಕ್ಕೂ ಒಂದು ಸಾಲು, ಸಾಲಿನಲ್ಲಿ ಥಂಬ್‌ನೇಲ್ ಎಷ್ಟು ಸಲ ಕಂಡಿತು ಎಂದು ಹೇಳುವ ಇಂಪ್ರೆಶನ್, ಸಿಟಿಆರ್, ವೀಕ್ಷಣೆ, ಸರಾಸರಿ ವೀಕ್ಷಣಾ ಅವಧಿ, ಒಟ್ಟು ವೀಕ್ಷಣಾ ಗಂಟೆ ಇರುತ್ತವೆ. ಮೊಬೈಲ್ ಆ್ಯಪ್‌ನಲ್ಲಿ ಈ ಸೌಕರ್ಯ ಇಷ್ಟು ವಿವರವಾಗಿಲ್ಲ.

ಇಡೀ ಚಾನೆಲ್ಲಿನ ಲೆಕ್ಕ ನೋಡುವವರು ಇಲ್ಲಿಯೇ ಒಂದು ಎಚ್ಚರ ವಹಿಸಬೇಕು. ಶಾರ್ಟ್ಸ್ ಮತ್ತು ಉದ್ದನೆಯ ವಿಡಿಯೊಗಳನ್ನು ಒಂದೇ ಪಟ್ಟಿಯಲ್ಲಿ ಓದಬೇಡಿ. ಶಾರ್ಟ್ಸ್‌ನ ಬಹುಪಾಲು `Shorts feed` ಎಂಬ ತನ್ನದೇ ಸಾಲಿನಿಂದ ಬರುತ್ತದೆ. ಅಲ್ಲಿ ನೋಡುಗರು ಥಂಬ್‌ನೇಲ್ ಒತ್ತುವುದೇ ಇಲ್ಲ, ಬೆರಳು ಸರಿಸಿದಂತೆ ವಿಡಿಯೊ ತಾನಾಗಿ ಓಡುತ್ತದೆ. ಜೊತೆಗೆ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಆರಂಭಿಸಿದೊಡನೆ ಒಂದು ವೀಕ್ಷಣೆ ಎಂದು ಎಣಿಸಲಾಗುತ್ತಿದೆ. ಅಂತಹ ಎಣಿಕೆಯನ್ನು ಉದ್ದನೆಯ ವಿಡಿಯೊದ ಎಣಿಕೆಯೊಂದಿಗೆ ಕೂಡಿಸಿದರೆ ಬರುವ ಶೇಕಡಾವಾರಿಗೆ ಅರ್ಥವಿರುವುದಿಲ್ಲ. ಫಿಲ್ಟರಿನಲ್ಲಿ ವಿಡಿಯೊಗಳನ್ನಷ್ಟೇ ಉಳಿಸಿಕೊಂಡು ಮುಂದುವರಿಯಿರಿ.

ಎರಡನೆಯ ಹೆಜ್ಜೆ: ದಿನಗಳನ್ನು ಸರಿಹೊಂದಿಸುವುದು

ಫೆಬ್ರವರಿಯ 28 ದಿನಗಳ ಎದುರು ಮಾರ್ಚ್ 1ರಿಂದ 28ನ್ನು ಇಟ್ಟುಕೊಳ್ಳುತ್ತೇವೆ. ಎರಡರಲ್ಲೂ ನಾಲ್ಕು ಭಾನುವಾರಗಳಿರುತ್ತವೆ, ವಾರದ ಏರಿಳಿತ ಲೆಕ್ಕವನ್ನು ಕೆಡಿಸುವುದಿಲ್ಲ. 28 ದಿನಗಳ ಅವಧಿ ನನಗೆ ಮೆಚ್ಚುಗೆಯಾಗಲು ಇದೇ ಕಾರಣ. ವಿಡಿಯೊ ಹಳೆಯದಾದ್ದರಿಂದ ಪ್ರಕಟಣೆಯ ಮೊದಲ ದಿನಗಳಲ್ಲಿ ಚಂದಾದಾರರು ಮುಗಿಬಿದ್ದು ನೋಡುವ ಏರಿಕೆಯೂ ಇಲ್ಲಿ ಅಡ್ಡ ಬರುವುದಿಲ್ಲ. ಎರಡು ಬೇರೆ ಬೇರೆ ವಿಡಿಯೊಗಳನ್ನು ಹೋಲಿಸುವುದಾದರೆ ತಾರೀಖು ಹಿಡಿಯಬಾರದು, ವಯಸ್ಸು ಹಿಡಿಯಬೇಕು: ಇದರ ಮೊದಲ ಏಳು ದಿನದ ಎದುರು ಅದರ ಮೊದಲ ಏಳು ದಿನ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಅನಲಿಟಿಕ್ಸ್‌ನ ದಿನ ಅಮೆರಿಕದ ಪೆಸಿಫಿಕ್ ವೇಳೆಯ ಪ್ರಕಾರ ಬದಲಾಗುತ್ತದೆ. ಅಂದರೆ ನಮ್ಮ ಗಡಿಯಾರದಲ್ಲಿ ಅಲ್ಲಿಯ ಬೇಸಿಗೆ ವೇಳಾಪಟ್ಟಿಯಲ್ಲಿ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ. ಬೆಳಿಗ್ಗೆ 10ಕ್ಕೆ ಪ್ರಕಟಿಸಿದ ವಿಡಿಯೊದ ‘ಮೊದಲ ದಿನ’ ಎರಡೂವರೆ ಅಥವಾ ಮೂರೂವರೆ ಗಂಟೆಯಲ್ಲೇ ಮುಗಿದಿರುತ್ತದೆ. ಸಂಜೆ 6ಕ್ಕೆ ಪ್ರಕಟಿಸಿದ್ದಕ್ಕೆ ಅದರ ಹಲವು ಪಟ್ಟು ಹೊತ್ತು ಸಿಕ್ಕಿರುತ್ತದೆ. ಮೊದಲ ದಿನದ ಸಾಲನ್ನು ನೋಡಿ ‘ಸಂಜೆಯ ಪ್ರಕಟಣೆಯೇ ಒಳ್ಳೆಯದು’ ಎಂದು ತೀರ್ಮಾನಿಸುವುದು ಗಡಿಯಾರದ ತಪ್ಪನ್ನು ನೋಡುಗರ ಮೇಲೆ ಹೊರಿಸಿದಂತೆ. ಕೊನೆಯ ಎರಡು ದಿನಗಳ ಅಂಕಿಗಳು ಇನ್ನೂ ತುಂಬಿಕೊಳ್ಳುತ್ತಿರುತ್ತವೆ, ಆದ್ದರಿಂದ ಅವಧಿಯನ್ನು ಇಂದಿನವರೆಗೆ ಎಳೆಯದೆ ಕೆಲವು ದಿನ ಹಿಂದೆ ನಿಲ್ಲಿಸಿ.

ಎರಡೂ ಅವಧಿಗಳ ಪಟ್ಟಿಯನ್ನು ಬಲ ಮೇಲ್ತುದಿಯ ಡೌನ್‌ಲೋಡ್ ಗುರುತಿನಿಂದ ಇಳಿಸಿಕೊಳ್ಳಿ. ಬರುವ ಜಿಪ್ ಕಡತದಲ್ಲಿ `Table data.csv` ಎಂಬುದು ನಮಗೆ ಬೇಕಾದದ್ದು. ಅದರ ಮೊದಲ ಸಾಲು ಒಟ್ಟು ಮೊತ್ತ. ಅದನ್ನು ಬೇರೆಡೆ ಇಡಿ, ಇಲ್ಲದಿದ್ದರೆ ಮುಂದೆ ಕೂಡಿಸುವಾಗ ಎಲ್ಲವೂ ಎರಡು ಸಲ ಸೇರುತ್ತದೆ.

ಮೂರನೆಯ ಹೆಜ್ಜೆ: ಸಾಲುಗಳನ್ನು ಅಕ್ಕಪಕ್ಕ ಇಡುವುದು

ನಮ್ಮ ಪಹಣಿ ವಿಡಿಯೊದ ಲೆಕ್ಕ ಹೀಗಿದೆ. ಸುಲಭವಾಗಲೆಂದು ಸಣ್ಣ ಮೂಲಗಳನ್ನು ಬಿಟ್ಟಿದ್ದೇನೆ.

| ಮೂಲ | ಫೆಬ್ರವರಿ ಇಂಪ್ರೆಶನ್ | ಸಿಟಿಆರ್ | ವೀಕ್ಷಣೆ | ಮಾರ್ಚ್ ಇಂಪ್ರೆಶನ್ | ಸಿಟಿಆರ್ | ವೀಕ್ಷಣೆ |
|---|---|---|---|---|---|---|
| `YouTube search` | 20,000 | 9% | 1,800 | 20,000 | 9.5% | 1,900 |
| `Browse features` | 10,000 | 3% | 300 | 60,000 | 3.2% | 1,920 |
| `Suggested videos` | 10,000 | 4% | 400 | 20,000 | 4.1% | 820 |
| `External` | – | – | 100 | – | – | 900 |

ಒಟ್ಟು ವೀಕ್ಷಣೆ 2,600ರಿಂದ 5,540ಕ್ಕೆ ಏರಿದೆ. ಒಟ್ಟು ಸಿಟಿಆರ್ ಫೆಬ್ರವರಿಯಲ್ಲಿ 40,000 ಇಂಪ್ರೆಶನ್‌ಗೆ 2,500, ಅಂದರೆ 6.25%. ಮಾರ್ಚಿನಲ್ಲಿ 1,00,000ಕ್ಕೆ 4,640, ಅಂದರೆ 4.64%. ಈಗ ಒಂದೊಂದೇ ಸಾಲನ್ನು ನೋಡಿ. ಹುಡುಕಾಟದಲ್ಲಿ ಸಿಟಿಆರ್ ಏರಿದೆ, ಮುಖಪುಟ ಸೇರಿರುವ `Browse features` ಸಾಲಿನಲ್ಲಿ ಏರಿದೆ, ಸೂಚಿತ ವಿಡಿಯೊಗಳಲ್ಲಿಯೂ ಏರಿದೆ. ಯಾವ ಸಾಲಿನಲ್ಲಿಯೂ ಇಳಿದಿಲ್ಲ, ಆದರೂ ಒಟ್ಟು ಇಳಿದಿದೆ! ಕಡಿಮೆ ಸಿಟಿಆರ್ ಇರುವ ಮುಖಪುಟದ ಪಾಲು ಕಾಲುಭಾಗದಿಂದ ಅರ್ಧಕ್ಕಿಂತ ಮೇಲೇರಿದ್ದರಿಂದ ಸರಾಸರಿ ಕೆಳಕ್ಕೆ ಎಳೆಯಲ್ಪಟ್ಟಿದೆ, ಅಷ್ಟೇ. ವಿಡಿಯೊವನ್ನು ಅಪರಿಚಿತರ ಮುಂದೆ ಇಡಲು ಯೂಟ್ಯೂಬ್ ಶುರುಮಾಡಿದೆ ಎಂಬುದೇ ಇದರ ಅರ್ಥ. ಇಲ್ಲಿ ಥಂಬ್‌ನೇಲ್ ಬದಲಿಸಲು ಯಾವ ಕಾರಣವೂ ಇಲ್ಲ.

ಸಿಟಿಆರ್ ಮೂಲದಿಂದ ಮೂಲಕ್ಕೆ ಇಷ್ಟು ಬದಲಾಗುವುದೇಕೆ? ಥಂಬ್‌ನೇಲಿನ ಅರ್ಧವಾದರೂ ಭಾಗ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆಯಲ್ಲಿ ಕಂಡರೆ ಒಂದು ಇಂಪ್ರೆಶನ್ ಎಂದು ಲೆಕ್ಕ. ಹುಡುಕುವವನು ತನಗೆ ಪಹಣಿ ಬೇಕೆಂದು ಬರೆದು ಬಂದಿದ್ದಾನೆ, ಪಟ್ಟಿಯಲ್ಲಿ ಒಂದನ್ನು ಒತ್ತಿಯೇ ಒತ್ತುತ್ತಾನೆ. ಮುಖಪುಟ ತೆರೆದವನು ಕ್ರಿಕೆಟ್ ನೋಡಲು ಬಂದಿರಬಹುದು. ಇಬ್ಬರ ಮುಂದೆಯೂ ಕಂಡದ್ದು ಒಂದೇ ಚಿತ್ರವಾದರೂ ಅವರ ಮನಸ್ಸಿನಲ್ಲಿರುವುದು ಬೇರೆ. ಹೀಗಾಗಿ ಹುಡುಕಾಟದ 9.5%ನ್ನು ಮುಖಪುಟದ 3.2%ರ ಪಕ್ಕ ಇಟ್ಟು ‘ಹುಡುಕಾಟ ಗೆದ್ದಿತು’ ಎನ್ನಲಾಗದು. ಹುಡುಕಾಟವನ್ನು ಹಿಂದಿನ ತಿಂಗಳ ಹುಡುಕಾಟದ ಜೊತೆ, ಮುಖಪುಟವನ್ನು ಮುಖಪುಟದ ಜೊತೆ ಇಡಬೇಕು. ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳ ಸಿಟಿಆರ್ 2%ರಿಂದ 10%ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ಹೇಳುತ್ತದೆ. ಅಷ್ಟು ಅಗಲದ ಪಟ್ಟಿಯಿಂದ ನಿಮ್ಮ ಒಂದು ವಿಡಿಯೊದ ಬಗ್ಗೆ ಏನೂ ನಿರ್ಧರಿಸಲಾಗುವುದಿಲ್ಲ.

ಮೂಲಗಳನ್ನು ಪರಸ್ಪರ ಅಳೆಯಲೇಬೇಕೆಂದರೆ ಸ್ವಲ್ಪ ನ್ಯಾಯವಾದ ಅಳತೆಯೊಂದಿದೆ: ಸಾವಿರ ಇಂಪ್ರೆಶನ್‌ಗೆ ಎಷ್ಟು ಗಂಟೆ ವೀಕ್ಷಣೆ ದೊರೆಯಿತು. ಇದರಲ್ಲಿ ಒತ್ತುವ ಸಂಭವವೂ ಉಳಿಯುವ ಹೊತ್ತೂ ಸೇರುತ್ತವೆ. ಹಾಳೆಯಲ್ಲಿ ಇಂಪ್ರೆಶನ್ B ಕಂಬದಲ್ಲಿ, ವೀಕ್ಷಣಾ ಗಂಟೆ C ಕಂಬದಲ್ಲಿ ಇದ್ದರೆ ಸೂತ್ರ ಇಷ್ಟೇ:

```
=C2/B2*1000
```

ಮಾರ್ಚಿನಲ್ಲಿ ಸರಾಸರಿ ವೀಕ್ಷಣಾ ಅವಧಿ ಹುಡುಕಾಟದಿಂದ ಬಂದವರಿಗೆ 2:40, ಮುಖಪುಟದವರಿಗೆ 3:50, ಸೂಚಿತದವರಿಗೆ 4:30. ಲೆಕ್ಕ ಹಾಕಿದರೆ ಸಾವಿರ ಇಂಪ್ರೆಶನ್‌ಗೆ ಹುಡುಕಾಟ ಸುಮಾರು 4.2 ಗಂಟೆ, ಸೂಚಿತ 3.1, ಮುಖಪುಟ 2 ಗಂಟೆ ಕೊಡುತ್ತದೆ. ಸಿಟಿಆರ್‌ನಲ್ಲಿ ಹುಡುಕಾಟ ಸೂಚಿತಕ್ಕಿಂತ ಎರಡು ಪಟ್ಟಿಗೂ ಮೇಲೆ ಇತ್ತು, ಇಲ್ಲಿ ಅಂತರ ಮೂರನೆಯ ಒಂದು ಭಾಗಕ್ಕೆ ಕುಗ್ಗಿದೆ. ನಿಮ್ಮ ಕಡತದಲ್ಲಿ ಇಂಪ್ರೆಶನ್ ಗುಣಿಸು ಸಿಟಿಆರ್ ಎಂಬುದು ವೀಕ್ಷಣೆಗೆ ಸರಿಯಾಗಿ ಹೊಂದದಿದ್ದರೆ ಗಾಬರಿಯಾಗಬೇಡಿ, ಎಲ್ಲ ವೀಕ್ಷಣೆಯೂ ಎಣಿಸಲ್ಪಟ್ಟ ಇಂಪ್ರೆಶನ್‌ನಿಂದಲೇ ಹುಟ್ಟುವುದಿಲ್ಲ. ಒಂದು ಸಾಲಿನಲ್ಲಿ ಸಾವಿರಕ್ಕಿಂತ ಕಡಿಮೆ ಇಂಪ್ರೆಶನ್ ಇದ್ದರೆ ಅದರ ಶೇಕಡಾವಾರನ್ನು ನಾನು ಓದುವುದೇ ಇಲ್ಲ. 200 ಇಂಪ್ರೆಶನ್‌ನಲ್ಲಿ ಹತ್ತು ಜನ ಹೆಚ್ಚು ಒತ್ತಿದರೆ ಸಿಟಿಆರ್ ಐದು ಅಂಶ ಜಿಗಿಯುತ್ತದೆ.

ಹುಡುಕಾಟದ ಸಾಲಿನ ಒಳಗೆ

`YouTube search` ಸಾಲನ್ನು ಒತ್ತಿದರೆ ಜನ ಬರೆದ ಪದಗಳೇ ಸಿಗುತ್ತವೆ. ಕನ್ನಡ ಚಾನೆಲ್ಲಿಗೆ ಇಡೀ ಅನಲಿಟಿಕ್ಸ್‌ನಲ್ಲಿ ಇದಕ್ಕಿಂತ ಬೆಲೆಯುಳ್ಳ ಪಟ್ಟಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ವಿಷಯವನ್ನು ನಮ್ಮವರು ಮೂರು ಬಗೆಯಲ್ಲಿ ಹುಡುಕುತ್ತಾರೆ: ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ನೇರ ಇಂಗ್ಲಿಷಿನಲ್ಲಿ. ಪಟ್ಟಿಯಲ್ಲಿ ಇವೆಲ್ಲ ಬೇರೆ ಬೇರೆ ಸಾಲುಗಳಾಗಿ ಚದುರಿರುತ್ತವೆ. ಒಟ್ಟುಗೂಡಿಸದೆ ಓದಿದರೆ ಎಲ್ಲವೂ ಸಣ್ಣದಾಗಿ ಕಾಣುತ್ತದೆ. ಪದಗಳು A ಕಂಬದಲ್ಲಿ, ವೀಕ್ಷಣೆ B ಕಂಬದಲ್ಲಿ ಇದ್ದರೆ:

```
=SUMIF(A:A,"*ಪಹಣಿ*",B:B)
=SUMIF(A:A,"*pahani*",B:B)
=SUMIF(A:A,"*rtc*",B:B)
```

ಮೂರನೆಯ ಸೂತ್ರದಲ್ಲಿ ಎರಡು ಗುಂಡಿಗಳಿವೆ. `pahani rtc` ಎಂದು ಬರೆದವರು ಎರಡೂ ಗುಂಪಿನಲ್ಲಿ ಸೇರುತ್ತಾರೆ. `ksrtc` ಎಂಬ ಪದದ ಒಳಗೂ `rtc` ಇರುವುದರಿಂದ, ಇಡೀ ಚಾನೆಲ್ಲಿನ ಪಟ್ಟಿಗೆ ಈ ಸೂತ್ರ ಹಾಕಿದರೆ ಬಸ್ಸಿನ ವೇಳಾಪಟ್ಟಿ ಹುಡುಕುವವರೂ ಹೊಲದ ಲೆಕ್ಕಕ್ಕೆ ಬಂದು ಕೂರಬಹುದು. ಮೊದಲ ಐವತ್ತು ಸಾಲುಗಳನ್ನು ಕಣ್ಣಿನಿಂದಲೇ ಓದಿ, ಪಕ್ಕದ ಕಂಬದಲ್ಲಿ ಗುಂಪಿನ ಹೆಸರು ಕೈಯಾರೆ ಬರೆಯುವುದು ನಿಧಾನವಾದರೂ ನೆಟ್ಟಗಿನ ದಾರಿ.

ನಮ್ಮ ಉದಾಹರಣೆಯಲ್ಲಿ 1,900ರಲ್ಲಿ 1,500 ವೀಕ್ಷಣೆಗಳ ಪದಗಳಷ್ಟೇ ಕಾಣುತ್ತವೆ. ಬಹಳ ಕಡಿಮೆ ಬಾರಿ ಬಳಕೆಯಾದ ಪದಗಳು ಪಟ್ಟಿಗೆ ಬರುವುದಿಲ್ಲ. ಕಂಡ 1,500ರಲ್ಲಿ ಇಂಗ್ಲಿಷ್ ಅಕ್ಷರದ ಪಹಣಿ 640, ಆರ್‌ಟಿಸಿ 520, ಕನ್ನಡ ಲಿಪಿ 210, ಉಳಿದವು 130. ಶೀರ್ಷಿಕೆ ಪೂರ್ತಿ ಕನ್ನಡ ಲಿಪಿಯಲ್ಲಿದ್ದರೆ ಅದಕ್ಕೆ `RTC` ಎಂಬುದನ್ನು ಸೇರಿಸಿ ನೋಡಬಹುದು ಎಂಬ ಸುಳಿವು ಇಲ್ಲಿದೆ. ಕನ್ನಡ ಲಿಪಿಯನ್ನು ಬಿಡಬೇಕೆಂಬುದಕ್ಕೆ ಮಾತ್ರ ಇದು ಆಧಾರವಲ್ಲ. ಈ ಪಟ್ಟಿಯಲ್ಲಿರುವುದು ಈಗಾಗಲೇ ನಮ್ಮನ್ನು ಕಂಡುಕೊಂಡವರು, ಕಾಣದೆ ಹೋದವರಲ್ಲ.

ಇನ್ನೂ ಮುಖ್ಯವಾದದ್ದು ಮತ್ತೊಂದು. ಈ ಗುಂಪುಗಳೆಲ್ಲದರ ಒಳಗೆ `pahani tiddupadi` ಮತ್ತು ಅದರ ರೂಪಾಂತರಗಳು 180 ಸಲ ಇವೆ. ತಿದ್ದುಪಡಿಯ ಭಾಗ ನಮ್ಮ ವಿಡಿಯೊದಲ್ಲಿ ಏಳನೆಯ ನಿಮಿಷಕ್ಕೆ ಬರುತ್ತದೆ, ಆದರೆ ಹುಡುಕಾಟದವರ ಸರಾಸರಿ 2:40. ಪಹಣಿ ನೋಡುವ ಕ್ರಮ ಎರಡೂವರೆ ನಿಮಿಷಕ್ಕೆ ಮುಗಿಯುವುದರಿಂದ, ಅದಕ್ಕಾಗಿ ಬಂದವರು ಕೆಲಸವಾದ ಕೂಡಲೇ ಹೊರಟಿದ್ದಾರೆ. ಅದು ವಿಡಿಯೊದ ಸೋಲಲ್ಲ. ತಿದ್ದುಪಡಿಗೆ ಬಂದವರು ತಮಗೆ ಬೇಕಾದದ್ದು ಇಲ್ಲಿಲ್ಲವೆಂದು ಬೇಗನೆ ಹೋಗಿರುವ ಸಾಧ್ಯತೆಯೇ ಚಿಂತೆಯದು. ಆ ಭಾಗವನ್ನು ಪ್ರತ್ಯೇಕ ವಿಡಿಯೊ ಮಾಡಲು ಇದು ಸಾಕಷ್ಟು ಗಟ್ಟಿ ಕಾರಣ. ಕಾಯಲಾಗದಿದ್ದರೆ ವಿವರಣೆಯಲ್ಲಿ ಸಮಯದ ಅಧ್ಯಾಯಗಳನ್ನಾದರೂ ಹಾಕಬೇಕು.

ಹುಡುಕಾಟಕ್ಕೆ ಋತುಮಾನವೂ ಉಂಟು. ಬೆಳೆ ಸಾಲ, ಬೆಳೆ ವಿಮೆಯ ಮುಂಗಾರು ಹೊತ್ತಿನಲ್ಲಿ ಪಹಣಿಯ ಬೇಡಿಕೆ ಏರುತ್ತದೆ. ಜೂನ್–ಜುಲೈ ಅಂಕಿಗಳನ್ನು ಏಪ್ರಿಲ್ಲಿಗೆ ಹೋಲಿಸುವ ಬದಲು ಹಿಂದಿನ ವರ್ಷದ ಅದೇ ತಿಂಗಳುಗಳಿಗೆ ಹೋಲಿಸಿ.

ಸೂಚಿತ ಮತ್ತು ಮುಖಪುಟ

`Suggested videos` ಸಾಲನ್ನು ತೆರೆದರೆ ಯಾವ ವಿಡಿಯೊದ ಪಕ್ಕ ಅಥವಾ ಕೊನೆಯಲ್ಲಿ ನಿಮ್ಮದು ಕಾಣಿಸಿತು ಎಂಬ ಪಟ್ಟಿ ಬರುತ್ತದೆ. ಅದನ್ನು ‘ನಮ್ಮದು’, ‘ಬೇರೆಯವರದು’ ಎಂದು ಎರಡು ಭಾಗ ಮಾಡಿ. ಪಹಣಿ ವಿಡಿಯೊದ 820ರಲ್ಲಿ 610ರ ಮೂಲ ಕಾಣುತ್ತದೆ. ಅದರಲ್ಲಿ 430 ನಮ್ಮದೇ ಚಾನೆಲ್ಲಿನ ಎರಡು ವಿಡಿಯೊಗಳಿಂದ, 180 ಮಾತ್ರ ಬೇರೆ ಚಾನೆಲ್‌ಗಳಿಂದ. ಅಂದರೆ ಸೂಚಿತ ವೀಕ್ಷಣೆ ದುಪ್ಪಟ್ಟಾಗಿರುವುದು ಹೆಚ್ಚಾಗಿ ನಮ್ಮ ಮನೆಯೊಳಗಿನ ಓಡಾಟ. ಒಂದನ್ನು ನೋಡಿದವರು ಇನ್ನೊಂದಕ್ಕೆ ಬರುತ್ತಿದ್ದಾರೆ. 4:30ರ ದೀರ್ಘ ಸರಾಸರಿಗೂ ಇದೇ ಕಾರಣವಿರಬಹುದು, ಏಕೆಂದರೆ ಇವರಿಗೆ ಧ್ವನಿಯೂ ಶೈಲಿಯೂ ಪರಿಚಿತ.

`Browse features` ಒಳಗೆ ಮುಖಪುಟವೂ ಚಂದಾದಾರರ ಫೀಡೂ ಒಟ್ಟಿಗಿರುತ್ತವೆ. ಸಾಲನ್ನು ತೆರೆದು ಇವೆರಡನ್ನು ಬೇರ್ಪಡಿಸಿಕೊಳ್ಳಿ. ಹೊಸ ವಿಡಿಯೊದಲ್ಲಿ ಚಂದಾದಾರರ ಫೀಡಿನ ಪಾಲು ದೊಡ್ಡದಾಗಿರುವುದು ಸಹಜ. ನಾಲ್ಕು ತಿಂಗಳ ಹಳೆಯ ವಿಡಿಯೊದಲ್ಲಿ ಏರಿಕೆಯೆಲ್ಲ ಮುಖಪುಟದ್ದಾಗಿದ್ದರೆ ಮೇಲೆ ಹೇಳಿದಂತೆ ಹೊಸಬರಿಗೆ ತಲುಪುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ಹೊರಗಿನ ಕೊಂಡಿಗಳು

`External` ಸಾಲಿನಲ್ಲಿ ಇಂಪ್ರೆಶನ್ ಖಾಲಿ ಇರುವುದು ದೋಷವಲ್ಲ. ಯೂಟ್ಯೂಬಿನ ಹೊರಗೆ ಕೊಂಡಿ ಎಷ್ಟು ಜನರ ಕಣ್ಣಿಗೆ ಬಿತ್ತು ಎಂಬುದನ್ನು ಅದು ಎಣಿಸುವುದಿಲ್ಲ. ಗೂಗಲ್ ಹುಡುಕಾಟದಿಂದ ಬಂದವರೂ ಇಲ್ಲಿಯೇ ಸೇರುತ್ತಾರೆ, `YouTube search` ಸಾಲಿನಲ್ಲಲ್ಲ. ಬೇರೆ ಜಾಲತಾಣದಲ್ಲಿ ಅಳವಡಿಸಿದ ವಿಡಿಯೊದ ವೀಕ್ಷಣೆಯೂ ಇಲ್ಲಿಗೇ ಬರುತ್ತದೆ.

ಮಾರ್ಚಿನ 900 ವೀಕ್ಷಣೆಗಳ ಸಾಲನ್ನು ತೆರೆದಾಗ ಬಹುಪಾಲು ವಾಟ್ಸ್‌ಆ್ಯಪ್ ಎಂದು ಕಂಡಿತು ಎಂದುಕೊಳ್ಳೋಣ. ಯಾವ ಗುಂಪು ಎಂಬುದು ಸ್ಟುಡಿಯೊದಲ್ಲಿ ತಿಳಿಯುವುದಿಲ್ಲ. ತಿಳಿಯಬಹುದಾದದ್ದು ದಿನ: ರೇಖಾಚಿತ್ರದಲ್ಲಿ ಒಂದೆರಡು ದಿನ ಚೂಪಾಗಿ ಏರಿ ಕುಸಿದಿದ್ದರೆ ಯಾರೋ ದೊಡ್ಡ ಗುಂಪಿಗೆ ಕಳುಹಿಸಿದ್ದಾರೆ. ಅದೇ ದಿನ `Direct or unknown` ಸಾಲೂ ಎದ್ದಿದೆಯೇ ನೋಡಿ. ಮೂಲ ಗುರುತಿಸಲಾಗದ ಆ್ಯಪ್‌ಗಳಿಂದ ಬಂದವರು, ವಿಳಾಸ ನೇರವಾಗಿ ಬರೆದವರು ಅಲ್ಲಿ ಬೀಳುತ್ತಾರೆ. ಎರಡೂ ಒಟ್ಟಿಗೆ ಎದ್ದಿದ್ದರೆ ಒಂದೇ ಅಲೆಯ ಎರಡು ತುಂಡುಗಳೆಂದು ಓದುವುದು ಸರಿ.

ಈ 900 ಜನರ ಸರಾಸರಿ 1:10 ಮಾತ್ರ. ಇದರಿಂದ ಇನ್ನೊಂದು ಮೋಸ ಹುಟ್ಟುತ್ತದೆ. ವಿಡಿಯೊದ ಒಟ್ಟು ಸರಾಸರಿ ಅವಧಿ ಫೆಬ್ರವರಿಯಲ್ಲಿ 3:02, ಮಾರ್ಚಿನಲ್ಲಿ 3:06, ಏನೂ ನಡೆದಿಲ್ಲವೆಂಬಂತೆ ಕಾಣುತ್ತದೆ. ಹೊರಗಿನ ಸಾಲನ್ನು ತೆಗೆದು ಮತ್ತೆ ಲೆಕ್ಕ ಹಾಕಿದರೆ ಮಾರ್ಚಿನದು 3:28. ಯೂಟ್ಯೂಬ್ ತಾನೇ ಕರೆತಂದವರು ಹೆಚ್ಚು ಹೊತ್ತು ಉಳಿದಿದ್ದಾರೆ, ವಾಟ್ಸ್‌ಆ್ಯಪ್ ಅಲೆ ಅದನ್ನು ಮುಚ್ಚಿಹಾಕಿದೆ. ಹೊರಗಿನ ವೀಕ್ಷಕರು ಬೇಡವೆಂದಲ್ಲ. ಸರಾಸರಿ ತೆಗೆಯುವಾಗ ಅವರನ್ನು ಪ್ರತ್ಯೇಕ ಕೂರಿಸಿ.

ಬದಲಾವಣೆ ಮಾಡಿದ ಮೇಲೆ ಯಾವ ಸಾಲನ್ನು ಕಾಯಬೇಕು

ನಮ್ಮ ಚಾನೆಲ್ ಈಗ ತಿದ್ದುಪಡಿಯ ಪ್ರತ್ಯೇಕ ವಿಡಿಯೊ ಮಾಡಿ, ಪಹಣಿ ವಿಡಿಯೊದಿಂದ ಅದಕ್ಕೆ ದಾರಿ ತೋರಿಸಬೇಕಿದೆ. ದಾರಿಯನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಫಲ ಬೇರೆ ಬೇರೆ ಸಾಲಿನಲ್ಲಿ ಕಾಣುತ್ತದೆ. ಕೊನೆಯ ಪರದೆಯಲ್ಲಿ ಇಟ್ಟರೆ ಹೊಸ ವಿಡಿಯೊದ `End screens` ಸಾಲು ಏರುತ್ತದೆ. ಆದರೆ 2:40ಕ್ಕೆ ಎದ್ದು ಹೋಗುವವರು 12ನೇ ನಿಮಿಷದ ಪರದೆಯನ್ನು ನೋಡುವುದೇ ಇಲ್ಲ, ಹಾಗಾಗಿ ಹುಡುಕಾಟದವರಿಗೆ ಅದು ನಿರುಪಯುಕ್ತ. ಎರಡನೆಯ ನಿಮಿಷದ ಹೊತ್ತಿಗೆ ಒಂದು ಕಾರ್ಡ್ ಹಾಕಿ, ಬಾಯಲ್ಲೂ ಹೇಳಿ, ವಿವರಣೆಯ ಮೊದಲ ಸಾಲಿನಲ್ಲಿ ಕೊಂಡಿ ಕೊಡಬೇಕು. ವಿವರಣೆಯಲ್ಲಿನ ಕೊಂಡಿ ಒತ್ತಿ ಬಂದವರನ್ನು ಯೂಟ್ಯೂಬ್ ಎಣಿಸುವುದು `Suggested videos` ಸಾಲಿನಲ್ಲಿ. ಮುಂದಿನ ತಿಂಗಳು ಹೊಸ ವಿಡಿಯೊದ ಆ ಸಾಲು ದಪ್ಪವಾಗಿ, ಒಳಗೆ ಪಹಣಿ ವಿಡಿಯೊದ ಹೆಸರೇ ಮೇಲಿದ್ದರೆ, ಅದು ನೀವು ಹಾಕಿದ ಕೊಂಡಿಯ ಫಲವೂ ಆಗಿರಬಹುದು. ಯೂಟ್ಯೂಬ್ ತಾನಾಗಿ ಸೂಚಿಸುತ್ತಿದೆಯೇ ಎಂದು ತಿಳಿಯಲು ಪಟ್ಟಿಯಲ್ಲಿ ಬೇರೆಯವರ ವಿಡಿಯೊಗಳ ಪಾಲು ಏರಿದೆಯೇ ಎಂದು ನೋಡಿ.